ಪ್ರೊಬೇಷನ್‌ನಲ್ಲಿರುವವರನ್ನು ತೆಗೆಯುವ ಪತ್ರ ಬರೆಯುವವರಿಗೆ

"ನಿಮ್ಮ ಕೆಲಸ ತೃಪ್ತಿಕರವಾಗಿಲ್ಲ" ಅಂತ ಒಂದೇ ಸಾಲು ಬರೆದು ಕೈತೊಳೆದುಕೊಳ್ಳಬೇಡಿ. ಯಾವ ಗುರಿ ಕೊಟ್ಟಿದ್ದಿರಿ, ರಿವ್ಯೂನಲ್ಲಿ ಏನು ಕಂಡಿತು, ಅದನ್ನೇ ಬರೆಯಿರಿ.

ಉದಾಹರಣೆಗೆ ಕಸ್ಟಮರ್ ಸಪೋರ್ಟ್ ಕೆಲಸ ಅಂದುಕೊಳ್ಳಿ: "ಸೇರಿದ ವಾರವೇ ದಿನಕ್ಕೆ 30 ದೂರು ಮುಗಿಸುವ ಗುರಿಯನ್ನು ಇಮೇಲ್‌ನಲ್ಲಿ ತಿಳಿಸಿದ್ದೆವು. ಮೊದಲ ರಿವ್ಯೂ ವೇಳೆಗೆ ನಿಮ್ಮ ಸರಾಸರಿ 17 ಇತ್ತು. ತರಬೇತಿ ಕೊಟ್ಟ ಮೇಲೆ, ಎರಡನೇ ರಿವ್ಯೂನಲ್ಲಿ 19." ರಿವ್ಯೂ ನಡೆದ ತಾರೀಕು ಕೂಡ ಹಾಕಿ. ಸೋಮಾರಿ, ಆಸಕ್ತಿ ಇಲ್ಲ ಅನ್ನೋ ಮಾತೆಲ್ಲ ಬೇಡ, ಅದು ಸುಮ್ನೆ ಜಗಳಕ್ಕೆ ದಾರಿ. ಶಿಸ್ತಿನ ದೂರು ಇದ್ದರೆ ಅದರ ವಿಚಾರಣೆಯೇ ಬೇರೆ, ಇದರಲ್ಲಿ ಬೆರೆಸಬೇಡಿ.

ಜಾಸ್ತಿ ಎಡವಟ್ಟಾಗುವುದು ಇಲ್ಲಿ: ರಿವ್ಯೂ ನೋಟ್ಸ್‌ನಲ್ಲಿ "ಚೆನ್ನಾಗಿ ಸುಧಾರಿಸುತ್ತಿದ್ದಾರೆ" ಅಂತಿರುತ್ತದೆ, ಪತ್ರದಲ್ಲಿ "ಸುಧಾರಣೆಯೇ ಇಲ್ಲ" ಅಂತಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ನಗೆಪಾಟಲು, ಅಲ್ವಾ? ಆಗ 17ರಿಂದ 19ಕ್ಕೆ ಏರಿದ್ದನ್ನು ಒಪ್ಪಿಕೊಂಡು, ಆದರೂ ಗುರಿ ಮುಟ್ಟಲಿಲ್ಲ ಅಂತ ಬರೆಯಿರಿ. ರಿವ್ಯೂ ನಡೆದೇ ಇಲ್ಲದಿದ್ದರೆ ಹಳೇ ತಾರೀಕು ಹಾಕಿ ಕಾಗದ ಹುಟ್ಟಿಸಬೇಡಿ. ನೇಮಕಾತಿ ಪತ್ರದಲ್ಲಿ ಅವಕಾಶವಿದ್ದರೆ ಪ್ರೊಬೇಷನ್ ಮುಂದುವರಿಸಿ.

ಕೊನೆಗೆ ಕೆಲಸದ ಕೊನೆಯ ದಿನ, ನೋಟಿಸ್ ಅವಧಿ, ಬಾಕಿ ಸಂಬಳ ಬರೆಯಿರಿ. ಪ್ರೊಬೇಷನ್ ಮುಗಿಯುವ ಮೊದಲೇ ಪತ್ರ ಅವರ ಕೈಸೇರಬೇಕು.