ದಿನಕ್ಕೆ ಒಂದು ಚಮಚ ರಕ್ತ

ತಾಲ್ಲೂಕು ಊರಲ್ಲಿ ಕ್ಲಿನಿಕ್ ನಡೆಸುತ್ತೇನೆ. ಎರಡು ವರ್ಷದ ಹಿಂದೆ 48ರ ವಯಸ್ಸಿನ ಟೈಲರ್ ಒಬ್ಬರು ಬಂದರು. ಅಂಗಡಿ ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಡವಡವ, ಸಂಜೆಯಾದರೆ ಕಾಲೆಳೆಯುವ ಸುಸ್ತು. ವಯಸ್ಸಾಯ್ತು ಅಂದುಕೊಂಡು ಆರು ತಿಂಗಳಿಂದ ಶಕ್ತಿ ಟಾನಿಕ್ ಕುಡಿಯುತ್ತಿದ್ದರು.

ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದೆ. ಆರೋಗ್ಯವಂತರಲ್ಲಿ ರೆಪ್ಪೆಯ ಅಂಚಿನ ಹತ್ತಿರ ಕೆಂಪು ಜಾಸ್ತಿ, ಒಳಗೆ ಹೋದಂತೆ ತಿಳಿ. ಇವರಲ್ಲಿ ಆ ವ್ಯತ್ಯಾಸವೇ ಇರಲಿಲ್ಲ, ಪೂರ್ತಿ ಬಿಳಿಚಿತ್ತು. ಅಂಗೈ ಗೆರೆಗಳೂ ಹಾಗೇ. ಜೊತೆಗೆ ಬಂದಿದ್ದ ಹೆಂಡತಿ, "ಡಾಕ್ಟ್ರೇ, ನಾನು ಅಕ್ಕಿ ಆರಿಸ್ತಾ ಕೂತ್ರೆ ಇವರು ಮೊರದಿಂದ ಹಸಿ ಅಕ್ಕಿ ಬಾಯಿಗೆ ಹಾಕ್ಕೋತಾರೆ" ಅಂದರು. ಕಬ್ಬಿಣದ ಕೊರತೆ ಇರಬೇಕು ಅಂತ ನನಗೆ ಅನ್ನಿಸಿದ್ದೇ ಆ ಮಾತಿನಿಂದ. ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನುವ ಆಸೆ ಈ ಕೊರತೆಯಲ್ಲಿ ಹುಟ್ಟುತ್ತದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಅಂದರೆ ಎಚ್‌ಬಿ, 6.4 ಬಂತು, ಫೆರಿಟಿನ್ 5. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಉಳಿತಾಯ ಪೂರ್ತಿ ಖಾಲಿಯಾಗಿತ್ತು. ಗಂಡಸಿಗೆ ಮುಟ್ಟಿನ ರಕ್ತಸ್ರಾವ ಇಲ್ಲ, ಹಾಗಾದರೆ ರಕ್ತ ಎಲ್ಲಿ ಹೋಗುತ್ತಿದೆ? ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಿದೆ. ತಲೆ ತಗ್ಗಿಸಿ ಹೇಳಿದರು: ಮೂಲವ್ಯಾಧಿ, ಮೂರು ವರ್ಷದಿಂದ. ನೋವಿಲ್ಲ. ಕೊನೆಯಲ್ಲಿ ಹನಿಹನಿ ರಕ್ತ ಬೀಳುತ್ತದೆ, "ಸ್ವಲ್ಪಾನೇ, ಒಂದು ಚಮಚದಷ್ಟು."

ಆ ಚಮಚದ ಲೆಕ್ಕವನ್ನು ಚೀಟಿಯ ಹಿಂದೆ ಬರೆದು ತೋರಿಸಿದೆ. ಒಂದು ಮಿಲಿ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಚಮಚಕ್ಕೆ 5 ಮಿಲಿ, ಅಂದರೆ ಎರಡೂವರೆ ಮಿಲಿಗ್ರಾಂ. ಊಟದಿಂದ ದೇಹ ಹೀರಿಕೊಳ್ಳುವುದು ಸಾಮಾನ್ಯವಾಗಿ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ದಿನವೂ ಖರ್ಚೇ ಜಾಸ್ತಿ. ಇದು ತಿಂಗಳುಗಟ್ಟಲೆ ನಿಧಾನವಾಗಿ ನಡೆಯುವುದರಿಂದ ದೇಹ ಹೊಂದಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೇ ಎಚ್‌ಬಿ 6.4 ಇದ್ದರೂ ಅವರು ಮಷಿನ್ ತುಳಿಯುತ್ತಿದ್ದರು.

ಎದೆನೋವು ಇರಲಿಲ್ಲ, ಕೂತಾಗ ಉಸಿರಾಟ ಸರಿಯಿತ್ತು. ಹಾಗಾಗಿ ರಕ್ತ ಹಾಕಿಸಲಿಲ್ಲ. ಫೆರಸ್ ಆಸ್ಕಾರ್ಬೇಟ್ 100 ಮಿಲಿಗ್ರಾಂ, ದಿನಕ್ಕೆ ಒಂದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಟ್ಟೆ. ಚಹಾ, ಕಾಫಿ ಒಂದು ಗಂಟೆಯ ನಂತರವೇ ಅಂದೆ. ನಾಲ್ಕು ವಾರಕ್ಕೆ 8.3. ಸಂತೋಷಪಟ್ಟೆ. ಎಂಟು ವಾರಕ್ಕೆ ನೋಡಿದರೆ 8.1.

ಮಾತ್ರೆ ತಪ್ಪಿಸಿದ್ದಾರಾ ಅಂತ ಅನುಮಾನ ಬಂತು. ಆದರೆ ಮಲ ಕಪ್ಪಗೆ ಹೋಗುತ್ತಿತ್ತು, ಅಂದರೆ ನುಂಗುತ್ತಿದ್ದರು. ತಪ್ಪು ನನ್ನದೇ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಜಾಸ್ತಿಯಾಗಿ, ತಿಣುಕಿ ತಿಣುಕಿ, ರಕ್ತವೂ ಜಾಸ್ತಿಯಾಗಿತ್ತು. ತೂತು ಮುಚ್ಚದೆ ಕೊಡಕ್ಕೆ ನೀರು ತುಂಬುತ್ತಿದ್ದೆ.

ಎರಡನೇ ಸಲ ಬೇರೆ ದಾರಿ ಹಿಡಿದೆ. ಮಾತ್ರೆ ನಿಲ್ಲಿಸಿ, ಜಿಲ್ಲಾ ಕೇಂದ್ರದಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಹಾಕಿಸಿದೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಮೊದಲು 1000 ಮಿಲಿಗ್ರಾಂ, ವಾರ ಬಿಟ್ಟು 500. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡುತ್ತಾರೆ, ಅಪರೂಪಕ್ಕೆ ಅಲರ್ಜಿ ಆಗಬಹುದು. ರಾತ್ರಿ ಈಸಬ್‌ಗೋಲ್ ಎರಡು ಚಮಚ, ದೊಡ್ಡ ಲೋಟ ನೀರಿನ ಜೊತೆ. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿಸಿ ಅಂದಾಗ ಅವರು ಒಪ್ಪಲಿಲ್ಲ. "ಮೂಲವ್ಯಾಧಿ ಅಂತ ಗೊತ್ತಲ್ವಾ, ಮತ್ತ್ಯಾಕೆ ಸಾರ್?" ಇಲ್ಲಿ ನಾನು ಬಿಡಲಿಲ್ಲ. ಮೂಲವ್ಯಾಧಿ ಇದೆ ಅಂದ ಮಾತ್ರಕ್ಕೆ ಕರುಳಿನ ಗಡ್ಡೆ ಇಲ್ಲ ಅಂತಲ್ಲ. ಈ ವಯಸ್ಸಿನ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಇಳಿದಿದ್ದರೆ ಹೊಟ್ಟೆ, ಕರುಳು ಎರಡನ್ನೂ ನೋಡಲೇಬೇಕು. ಮೂಲವ್ಯಾಧಿಯ ತಲೆಮೇಲೆ ಎಲ್ಲ ಹಾಕಿ ಸುಮ್ನೆ ಕೂತರೆ ಕ್ಯಾನ್ಸರ್ ಬೆಳೆಯುತ್ತಿರಬಹುದು. ಹೆಂಡತಿಗೆ ವಿಷಯ ಹೇಳಲು ಅವರಿಂದಲೇ ಒಪ್ಪಿಗೆ ಪಡೆದೆ. ಮುಂದಿನ ವಾರ ಆಕೆಯೇ ಕರೆದುಕೊಂಡು ಹೋದರು.

ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡರಲ್ಲೂ ಬೇರೇನೂ ಸಿಗಲಿಲ್ಲ. ಮೂಲವ್ಯಾಧಿಯ ಒಳಗಿನ ಎರಡು ಮೊಳೆಗಳಿಗೆ ಸರ್ಜನ್ ರಬ್ಬರ್ ಬ್ಯಾಂಡ್ ಹಾಕಿದರು. ಒಣಗಿ ಬೀಳುವಾಗ, ಸುಮಾರು ವಾರ ಹತ್ತು ದಿನಕ್ಕೆ, ಮತ್ತೆ ರಕ್ತ ಬರಬಹುದು. ಜಾಸ್ತಿ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ ಅಂತ ಹೇಳಿ ಕಳಿಸಿದರು. ಒಂಬತ್ತನೇ ದಿನ ಸ್ವಲ್ಪ ಬಂತು, ತಾನೇ ನಿಂತಿತು.

ಎಂಟು ವಾರದ ನಂತರ ಎಚ್‌ಬಿ 12.6. ಫೆರಿಟಿನ್ನನ್ನೂ ಆಗಲೇ ನೋಡಿದ್ದು, ಯಾಕೆಂದರೆ ಡ್ರಿಪ್ ಹಾಕಿದ ಮೊದಲ ತಿಂಗಳು ಅದು ಸುಳ್ಳು ಏರಿಕೆ ತೋರಿಸುತ್ತದೆ. ಈಗ ಮೂರು ತಿಂಗಳಿಗೊಮ್ಮೆ ಎಚ್‌ಬಿ ನೋಡುತ್ತೇನೆ. ಮೊರದ ಅಕ್ಕಿ ಮಾತ್ರ ಡ್ರಿಪ್ ಹಾಕಿದ ಎರಡನೇ ವಾರಕ್ಕೇ ಬಿಟ್ಟರಂತೆ. ಎಚ್‌ಬಿ ಪೂರ್ತಿ ಏರುವ ಮೊದಲೇ ಆ ಆಸೆ ಹೋಗಿತ್ತು.