ಕೆಲಸ ಬಿಟ್ಟು ಗಾಣ ಹಾಕುವ ಮೊದಲು: ಎಂಜಿನಿಯರ್ ಒಬ್ಬರ ಲೆಕ್ಕದ ಪುಸ್ತಕ

ಹದಿನೇಳು ವರ್ಷ ನಾನು ಮಾಡಿದ್ದು ಟೆಸ್ಟಿಂಗ್ ಕೆಲಸ. ಬೇರೆಯವರು ಕಟ್ಟಿದ್ದನ್ನು ಬೀಳಿಸಿ ನೋಡುವುದು, ಎಲ್ಲಿ ಬಿತ್ತು ಎಂದು ಬರೆಯುವುದು. ನಲವತ್ತು ದಾಟಿದ ಮೇಲೆ ಅದೇ ಮೀಟಿಂಗು, ಅದೇ ವರದಿ ಸಾಕೆನಿಸಿತು. ಸ್ವಂತದ್ದು ಏನಾದರೂ ಮಾಡಬೇಕು ಎಂದು ಹೊರಟಾಗ ಕೈಗೆ ಸಿಕ್ಕಿದ್ದು ಮರದ ಗಾಣ. ನಮ್ಮ ಕಡೆ ಚಳ್ಳಕೆರೆ, ಪಾವಗಡ, ಸಿರಾ ಸುತ್ತ ಕಡಲೆಕಾಯಿ ಬೆಳೆಯುತ್ತದೆ. ಬೆಂಗಳೂರಿನಲ್ಲಿ ಗಾಣದ ಎಣ್ಣೆ ಕೇಳುವ ಮನೆಗಳಿವೆ. ನಡುವಿನ ದಾರಿ ನನ್ನದಾಗಬಹುದು ಅನ್ನಿಸಿತು.

ಇಂಥ ಯೋಚನೆ ಬಂದವರು ಮೊದಲು ಮಾಡುವುದು ಯಂತ್ರದ ಬೆಲೆ ಕೇಳುವುದು. ನಾನೂ ಅದನ್ನೇ ಮಾಡಿದೆ. ಆದರೆ ಯಂತ್ರ ಕೊನೆಗೆ ಬರಬೇಕು. ಯಾಕೆ ಎಂದು ಈ ಲೇಖನದಲ್ಲಿ ಒಂದೊಂದಾಗಿ ಹೇಳುತ್ತೇನೆ. ಇಲ್ಲಿರುವ ಬೆಲೆಗಳು ನಾನು ಲೆಕ್ಕ ಹಾಕಿದಾಗಿನವು. ನಿಮ್ಮ ಊರಿನ ಬೆಲೆ ಹಾಕಿಕೊಂಡು ಇದೇ ಲೆಕ್ಕ ಮತ್ತೆ ಮಾಡಿ.

ಮೊದಲ ಹೆಜ್ಜೆ: ಒಂದು ಲೀಟರ್ ಎಣ್ಣೆಗೆ ಏನು ಬೀಳುತ್ತದೆ?

ನೂರು ಕೆಜಿ ಕಡಲೆಕಾಯಿ ಬೀಜ ತೆಗೆದುಕೊಳ್ಳಿ. ಕೆಜಿಗೆ ₹120 ಎಂದರೆ ₹12,000. ಮರದ ಗಾಣದಲ್ಲಿ ಇದರಿಂದ ಸುಮಾರು 40 ಕೆಜಿ ಎಣ್ಣೆ ಬರುತ್ತದೆ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ 40 ಕೆಜಿ ಎಂದರೆ ಸುಮಾರು 44 ಲೀಟರ್. ತಿಳಿ ಮಾಡಿ ಮಡ್ಡಿ ತೆಗೆದರೆ 42 ಲೀಟರ್ ಉಳಿಯುತ್ತದೆ. ಜೊತೆಗೆ 57 ಕೆಜಿಯಷ್ಟು ಹಿಂಡಿ. ಅದನ್ನು ದನ ಸಾಕುವವರು ಕೆಜಿಗೆ ₹40 ಕೊಟ್ಟು ಒಯ್ಯುತ್ತಾರೆ, ಅಂದರೆ ₹2,280 ವಾಪಸ್ ಬಂತು. ಉಳಿದ ಖರ್ಚನ್ನು 42ರಿಂದ ಭಾಗಿಸಿದರೆ ಲೀಟರಿಗೆ ₹231.

ಇದು ಬರೀ ಬೀಜದ ಖರ್ಚು. ಬಾಟಲಿ, ಮುಚ್ಚಳ, ಲೇಬಲ್‌ಗೆ ₹20 ಸೇರಿಸಿ. ಸ್ವಂತ ಗಾಣ ಇದ್ದರೆ ಕರೆಂಟಿಗೆ ಲೀಟರಿಗೆ ₹3ರಷ್ಟು ಸಾಕು, ಮೂರು ಎಚ್‌ಪಿ ಮೋಟರ್ ಜಾಸ್ತಿ ತಿನ್ನುವುದಿಲ್ಲ. ನಿಜವಾದ ಭಾರ ಬೇರೆ ಕಡೆ ಇದೆ. ಅಂಗಡಿ ಬಾಡಿಗೆ ₹12,000, ಒಬ್ಬ ಕೆಲಸದವರ ಸಂಬಳ ₹16,000, ಚಿಲ್ಲರೆ ₹5,000. ಎಣ್ಣೆ ಬರಲಿ ಬಿಡಲಿ, ತಿಂಗಳಿಗೆ ₹33,000 ಹೋಗುತ್ತದೆ.

ಈಗ ಲೀಟರಿಗೆ ₹360ರಂತೆ ಮಾರುತ್ತೀರಿ ಎಂದುಕೊಳ್ಳಿ. ತಿಂಗಳಿಗೆ 300 ಲೀಟರ್ ಮಾರಿದರೆ ಆ ₹33,000 ಲೀಟರಿಗೆ ₹110 ಆಗುತ್ತದೆ. ಒಟ್ಟು ₹364, ಅಂದರೆ ನಷ್ಟ. 600 ಲೀಟರ್ ಮಾರಿದರೆ ಒಟ್ಟು ₹309, ಕೈಯಲ್ಲಿ ₹30,000ದ ಹತ್ತಿರ ಉಳಿಯುತ್ತದೆ. ಎಣ್ಣೆ ಅದೇ, ಗಾಣ ಅದೇ, ಕೆಲಸವೂ ಅದೇ. ಬದಲಾಗಿದ್ದು ಎಷ್ಟು ಮನೆಗೆ ಹೋಗುತ್ತದೆ ಅನ್ನುವುದು ಮಾತ್ರ. ಒಂದು ಮನೆಗೆ ತಿಂಗಳಿಗೆ ಮೂರು ಲೀಟರ್ ಎಂದರೆ 600 ಲೀಟರಿಗೆ 200 ಮನೆ ಬೇಕು.

ಅಂಗಡಿಗಳಿಗೆ ಕೊಟ್ಟರೆ ಆಗಲ್ವಾ ಎಂದು ನಾನೂ ಕೇಳಿದ್ದೆ. ಅಂಗಡಿಯವರು ಶೇ 20 ಕೇಳಿದರೆ ಲೀಟರಿಗೆ ₹72 ಅಲ್ಲೇ ಹೋಯಿತು. ನಿಮಗೆ ಉಳಿಯುತ್ತಿದ್ದದ್ದೇ ₹51. ಹಾಗಾಗಿ ಈ ಕಸುಬು ಮನೆಮನೆಗೆ ನೇರವಾಗಿ ಮಾರುವ ಕಸುಬು. ಅದು ನಿಮಗೆ ಒಗ್ಗುವುದಿಲ್ಲ ಎಂದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಎರಡನೆಯದು: ಬೇರೆಯವರ ಗಾಣದಲ್ಲಿ ಆಡಿಸಿ ಮಾರಿ ನೋಡಿ

ನಿಮ್ಮ ಬೀಜ ಒಯ್ದರೆ ಕೂಲಿಗೆ ಆಡಿಸಿಕೊಡುವ ಗಾಣಗಳು ಬಹಳ ಊರುಗಳಲ್ಲಿವೆ. ನನಗೆ ಕೆಜಿಗೆ ₹15 ತೆಗೆದುಕೊಂಡರು. ಹಿಂಡಿ ನನಗೇ ಕೊಟ್ಟರು, ಇದನ್ನು ಮೊದಲೇ ಮಾತಾಡಿಕೊಳ್ಳಿ. ಕೂಲಿ ಲೀಟರಿಗೆ ₹36 ಆಯಿತು, ಗಾಡಿ ಬಾಡಿಗೆ ₹14. ಬೀಜ, ಬಾಟಲಿ ಸೇರಿ ಒಟ್ಟು ₹301.

ಈ ₹301 ನೋಡಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಸ್ವಂತ ಗಾಣದಲ್ಲಿ ಇಷ್ಟಕ್ಕೆ ಎಣ್ಣೆ ಬೀಳಬೇಕಾದರೆ ತಿಂಗಳಿಗೆ 700 ಲೀಟರ್ ಮಾರಬೇಕು. ಅಲ್ಲಿಯವರೆಗೆ ಕೂಲಿ ಗಾಣವೇ ಅಗ್ಗ. ಅಂದರೆ ಕೆಲಸದಲ್ಲಿ ಇದ್ದುಕೊಂಡೇ, ಶನಿವಾರ ಬೀಜ ಒಯ್ದು, ಮುಂದಿನ ವಾರ ಬಾಟಲಿ ತುಂಬಿಸಿ ಮಾರಬಹುದು. ಯಂತ್ರಕ್ಕೆ ದುಡ್ಡು ಹಾಕುವ ಅವಸರವೇ ಇಲ್ಲ.

ಆದರೆ ಇದಕ್ಕೆ ಮೊದಲು ಎರಡು ಕಾಗದ ನೋಡಿಕೊಳ್ಳಿ. ಒಂದು, ನಿಮ್ಮ ಕೆಲಸದ ಒಪ್ಪಂದ. ಬೇರೆ ವ್ಯವಹಾರ ಮಾಡಬಾರದು ಎಂದು ಬಹಳ ಕಂಪನಿಗಳು ಬರೆಸಿಕೊಂಡಿರುತ್ತವೆ. ಎಚ್‌ಆರ್‌ ಅವರನ್ನು ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಇನ್ನೊಂದು, ಎಫ್‌ಎಸ್‌ಎಸ್‌ಎಐ ನೋಂದಣಿ. ಸಣ್ಣ ವಹಿವಾಟಿಗೆ ನೋಂದಣಿ, ದೊಡ್ಡದಕ್ಕೆ ಲೈಸೆನ್ಸ್. ಫಾಸ್ಕಾಸ್ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ನೆನಪಿಡಿ, ಖಾದ್ಯ ತೈಲವನ್ನು ಪ್ಯಾಕ್ ಮಾಡದೆ ಬಿಡಿಯಾಗಿ ಅಳೆದು ಮಾರುವುದಕ್ಕೆ ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲಿ ನಿಷೇಧವಿದೆ. ಗೆಳೆಯರ ಮನೆಗೇ ಆದರೂ ಮುಚ್ಚಿದ ಬಾಟಲಿ, ಸರಿಯಾದ ಲೇಬಲ್ ಬೇಕು.

ಬೀಜ ಕೊಳ್ಳುವುದೇ ಅರ್ಧ ಕಸುಬು

ಇಲ್ಲಿ ನಾನು ದುಡ್ಡು ಕಳೆದುಕೊಂಡೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಡನೇ ತಿಂಗಳು ಒಬ್ಬ ವ್ಯಾಪಾರಿಯ ಹತ್ತಿರ ಕೆಜಿಗೆ ₹8 ಕಡಿಮೆಗೆ ಬೀಜ ಸಿಕ್ಕಿತು. ನೋಡೋದಕ್ಕೆ ದಪ್ಪವಾಗಿ ಚೆನ್ನಾಗಿತ್ತು. ಗಾಣಕ್ಕೆ ಹಾಕಿದರೆ ನೂರಕ್ಕೆ 35 ಕೆಜಿ ಎಣ್ಣೆಯೂ ಬರಲಿಲ್ಲ. ಐದು ವಾರಕ್ಕೆ ಎರಡು ಮನೆಯವರು ಬಾಟಲಿ ವಾಪಸ್ ತಂದರು. ಎಣ್ಣೆ ಕಮಟು ವಾಸನೆ ಹೊಡೆಯುತ್ತಿತ್ತು. ಬೀಜ ಸರಿಯಾಗಿ ಒಣಗಿರಲಿಲ್ಲ. ನೀರಿನ ತೂಕಕ್ಕೆ ದುಡ್ಡು ಕೊಟ್ಟಿದ್ದೆ, ಆ ನೀರೇ ಎಣ್ಣೆಯನ್ನೂ ಕೆಡಿಸಿತು.

ಒಣಗಿದ ಬೀಜ ಹಲ್ಲಿನಲ್ಲಿ ಕಚ್ಚಿದರೆ ಟಕ್ ಎಂದು ಒಡೆಯುತ್ತದೆ. ಅಂಗೈಯಲ್ಲಿ ತಿಕ್ಕಿದರೆ ಸಿಪ್ಪೆ ಬಿಡುತ್ತದೆ. ಹಸಿ ಇದ್ದರೆ ಮೆತ್ತಗೆ ಬಾಗುತ್ತದೆ. ತೇವಾಂಶ ನೋಡುವ ಮೀಟರ್ ಸಿಗುತ್ತದೆ, ಶೇ 8ಕ್ಕಿಂತ ಮೇಲಿದ್ದರೆ ನಾನು ಈಗ ಕೊಳ್ಳುವುದಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಬೂಷ್ಟು. ಕಡಲೆಕಾಯಿಗೆ ಹಿಡಿಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಲಿವರ್ ಕ್ಯಾನ್ಸರಿಗೆ ಕಾರಣವಾಗುತ್ತದೆ. ದೊಡ್ಡ ಕಾರ್ಖಾನೆಯಲ್ಲಿ ರಿಫೈನ್ ಮಾಡುವಾಗ ಇದರ ಬಹುಭಾಗ ಹೋಗುತ್ತದೆ. ಗಾಣದ ಎಣ್ಣೆಯನ್ನು ನಾವು ರಿಫೈನ್ ಮಾಡುವುದಿಲ್ಲ, ಅದೇ ಅದರ ಹೆಗ್ಗಳಿಕೆ. ಹಾಗಾಗಿ ಕೆಟ್ಟ ಬೀಜವನ್ನು ಮೊದಲೇ ತೆಗೆಯುವ ಹೊಣೆ ಪೂರ್ತಿ ನಮ್ಮದು. ಹೆಚ್ಚಿನ ವಿಷ ಹಿಂಡಿಯಲ್ಲಿ ಉಳಿದು, ಹಸು ತಿಂದು, ಹಾಲಿಗೂ ಬರುತ್ತದೆ. ಮುದುಡಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜಗಳಲ್ಲೇ ಇದು ಜಾಸ್ತಿ. ಜರಡಿ ಹಿಡಿದ ಮೇಲೂ ಕೈಯಿಂದ ಆರಿಸಲೇಬೇಕು. ಕಣ್ಣಿಗೆ ಕಾಣದ್ದೂ ಇರುತ್ತದೆ, ಅದಕ್ಕೆ ಹೊಸ ಲೋಡ್ ಬಂದಾಗ ಮಾದರಿಯನ್ನು ಲ್ಯಾಬ್‌ಗೆ ಕಳಿಸಿ. ಇಲ್ಲಿ ದುಡ್ಡು ಉಳಿಸಬೇಡಿ, ದಯವಿಟ್ಟು.

ನಮ್ಮ ಕಡೆ ಮುಂಗಾರಿನ ಕಡಲೆಕಾಯಿ ಅಕ್ಟೋಬರ್, ನವೆಂಬರ್‌ ಹೊತ್ತಿಗೆ ಕೀಳುತ್ತಾರೆ. ಆಗ ಬೀಜ ಹೊಸದು, ಬೆಲೆಯೂ ಸಾಮಾನ್ಯವಾಗಿ ಇಳಿದಿರುತ್ತದೆ. ತಿಂಗಳಿಗೆ 600 ಲೀಟರಿಗೆ ಸುಮಾರು 1,430 ಕೆಜಿ ಬೀಜ ಬೇಕು, ಅಂದರೆ ₹1.7 ಲಕ್ಷ. ಮೂರು ತಿಂಗಳಿಗೆ ಸಂಗ್ರಹಿಸಿದರೆ ₹5 ಲಕ್ಷ ದಾಟುತ್ತದೆ. ನನ್ನ ಗಾಣಕ್ಕೆ ಬಿದ್ದದ್ದು ₹1.85 ಲಕ್ಷ. ಯಂತ್ರಕ್ಕಿಂತ ಬೀಜಕ್ಕೇ ಹೆಚ್ಚು ದುಡ್ಡು ಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಡಿಸುವಾಗ ಬರೆದಿಡಿ

ನಮ್ಮ ಹಳೇ ಕೆಲಸದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಸಲ ಹಾಕಿದ ಬೀಜ, ಬಂದ ಎಣ್ಣೆ, ಬಂದ ಹಿಂಡಿ, ಮೂರನ್ನೂ ತೂಗಿ ಬರೆಯಿರಿ. 20 ಕೆಜಿ ಹಾಕಿದರೆ ಸುಮಾರು 8 ಕೆಜಿ ಎಣ್ಣೆ, 11.4 ಕೆಜಿ ಹಿಂಡಿ ಬರಬೇಕು. ಎಣ್ಣೆ ಕಡಿಮೆಯಾಗಿ ಹಿಂಡಿ ತೂಕ ಏರಿದರೆ, ಕೈಯಲ್ಲಿ ಹಿಚುಕಿದಾಗ ಜಿಡ್ಡು ಹತ್ತಿದರೆ, ಗಾಣ ಸರಿಯಾಗಿ ಒತ್ತುತ್ತಿಲ್ಲ. ಎರಡೂ ಕಡಿಮೆ ಬಂದರೆ ಬೀಜದಲ್ಲಿ ನೀರಿತ್ತು, ಇಲ್ಲವೇ ಎಲ್ಲೋ ಸೋರಿದೆ. ಎಣ್ಣೆಯನ್ನು ಸ್ಟೀಲ್ ಡ್ರಮ್ಮಿನಲ್ಲಿ ಮುಚ್ಚಿಟ್ಟು, ಬಿಸಿಲು ತಾಗದಂತೆ ಮೂರ್ನಾಲ್ಕು ದಿನ ಬಿಡಿ. ಮಡ್ಡಿ ಪೂರ್ತಿ ಇಳಿದ ಮೇಲೆ ಮೇಲಿನ ತಿಳಿ ಎಣ್ಣೆ ತೆಗೆಯಿರಿ. ಅವಸರದಲ್ಲಿ ತುಂಬಿದ ಬಾಟಲಿಯ ತಳದಲ್ಲಿ ಮಡ್ಡಿ ಕೂತರೆ ಎಣ್ಣೆ ಬೇಗ ಕೆಡುತ್ತದೆ.

ಕೆಲಸ ಯಾವಾಗ ಬಿಡುವುದು?

ಮೊದಲ ತಿಂಗಳು ಕೊಂಡವರ ಸಂಖ್ಯೆ ನೋಡಬೇಡಿ. ಗೆಳೆಯರು, ನೆಂಟರು ಪ್ರೀತಿಗೆ ಒಂದು ಸಲ ಕೊಳ್ಳುತ್ತಾರೆ. ನನಗೆ ಮೊದಲ ತಿಂಗಳು 64 ಮನೆ ಸಿಕ್ಕಿತು, ಮೂರನೇ ತಿಂಗಳು ಅವರಲ್ಲಿ ಮತ್ತೆ ಕೇಳಿದ್ದು 38 ಮನೆ. ನಾನು ನಂಬಿದ್ದು ಆ 38ನ್ನು. ನಾವು ಕೇಳದೆಯೇ ಮೂರನೇ ಸಲ ಫೋನ್ ಮಾಡಿದ ಮನೆ ಮಾತ್ರ ನಿಜವಾದ ಗಿರಾಕಿ. ಅಂಥ ಮನೆಗಳು 200 ದಾಟಿ, 700 ಲೀಟರ್ ಹತ್ತಿರ ಬಂದಾಗ ಗಾಣದ ಮಾತು ಎತ್ತಿ. ನನಗೆ ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.

ಮನೆಯವರ ಜೊತೆ ಕೂತು ಮೇಲಿನ ಮಿತಿಯನ್ನೂ ನೋಡಿ. ಒಂದು ಗಾಣದಲ್ಲಿ ದಿನಕ್ಕೆ 100ರಿಂದ 120 ಕೆಜಿ ಆಡಿಸಬಹುದು. ಅಂದರೆ ತಿಂಗಳಿಗೆ 1,000 ಲೀಟರಿನ ಹತ್ತಿರ. ಅಷ್ಟು ಮಾರಿದರೆ ₹73,000 ಉಳಿಯುತ್ತದೆ. ಆದರೆ ವರ್ಷದ ವಹಿವಾಟು ₹40 ಲಕ್ಷ ದಾಟುವುದರಿಂದ ಜಿಎಸ್‌ಟಿ ಬರುತ್ತದೆ. ಬೆಲೆ ಏರಿಸದಿದ್ದರೆ ಲೀಟರಿಗೆ ಸುಮಾರು ₹17 ಅದಕ್ಕೆ ಹೋಗುತ್ತದೆ. ಈಗಿನ ನಿಮ್ಮ ಸಂಬಳ, ಮನೆ ಸಾಲದ ಕಂತು, ಮಕ್ಕಳ ಫೀಸಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಸಾಲದು ಎನಿಸಿದರೆ ಕೊಬ್ಬರಿ, ಎಳ್ಳಿನ ಎಣ್ಣೆ ಸೇರಿಸಬೇಕು, ಆಗ ಇನ್ನೊಂದು ಗಾಣ ಬೇಕಾಗುತ್ತದೆ.

ಸಾಲ ತೆಗೆದು ಗಾಣ ಹಾಕುವವರು ಪಿಎಂಎಫ್‌ಎಂಇ ಯೋಜನೆ ವಿಚಾರಿಸಿ. 2020ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಶೇ 35, ಹೆಚ್ಚೆಂದರೆ ₹10 ಲಕ್ಷ ಸಹಾಯಧನವಿದೆ. ಕರ್ನಾಟಕ ಸರ್ಕಾರ ಇದಕ್ಕೆ ಶೇ 15 ಸೇರಿಸಿದೆ. ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿ. ಈ ಸಹಾಯಧನ ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು, ಹಾಗಾಗಿ ಮೊದಲೇ ಸ್ವಂತ ದುಡ್ಡಿನಲ್ಲಿ ಯಂತ್ರ ಕೊಂಡು ಆಮೇಲೆ ಹೋಗಬೇಡಿ.

ರಾಜೀನಾಮೆ ಕೊಡುವ ಮೊದಲು ಆರೋಗ್ಯ ವಿಮೆ ನೋಡಿ. ಕಂಪನಿಯ ವಿಮೆ ಕೆಲಸ ಬಿಟ್ಟ ದಿನವೇ ಮುಗಿಯಬಹುದು. ಕೆಲಸದಲ್ಲಿ ಇರುವಾಗಲೇ ಅದನ್ನು ಸ್ವಂತ ಪಾಲಿಸಿಗೆ ಬದಲಿಸಲು ಅರ್ಜಿ ಹಾಕಿ, ಹಳೇ ಕಾಯಿಲೆಗಳಿಗೆ ವಿಮೆ ಸಿಗಲು ಈಗಾಗಲೇ ಕಾದ ವರ್ಷಗಳ ಲೆಕ್ಕ ಉಳಿಯುತ್ತದೆ. ನನ್ನ ನೋಟಿಸ್ ಅವಧಿ 90 ದಿನ ಇತ್ತು. ಆಗಸ್ಟಿನಲ್ಲಿ ಪತ್ರ ಕೊಟ್ಟೆ. ಸೆಪ್ಟೆಂಬರಿನಲ್ಲಿ ಅಂಗಡಿ ಹಿಡಿದು, ವಾಣಿಜ್ಯ ಬಳಕೆಯ ಕರೆಂಟಿಗೆ ಅರ್ಜಿ ಹಾಕಿ, ಗಾಣಕ್ಕೆ ಮುಂಗಡ ಕೊಟ್ಟೆ. ನವೆಂಬರಿನಲ್ಲಿ ಕೊನೇ ಸಂಬಳ ಬಂದ ವಾರವೇ ಪಾವಗಡದಿಂದ ಹೊಸ ಬೀಜದ ಮೊದಲ ಲೋಡ್ ಇಳಿಯಿತು.