ಮೀನಾ ಕೆಲಸದ ವಯಸ್ಸು: ಮೊದಲು ಹಿಂಬದಿ, ಆಮೇಲೆ ಬಿರುಕು

ಕಲಬುರಗಿಯ ಸರಾಫ್ ಬಜಾರಿನಲ್ಲಿ ಹಳೆ ಒಡವೆ ರಿಪೇರಿ ಮಾಡುವ ನನ್ನಂಥವರ ಹತ್ತಿರ ಮೀನಾ ಪದಕವೋ ಝುಮ್ಕಾವೋ ಬಂದರೆ ಜೊತೆಗೆ ಒಂದು ಮಾತೂ ಬರುತ್ತದೆ: "ಇದು ನಿಜಾಮರ ಕಾಲದ್ದು." ಈ ಕಡೆ ಅದು ಸಹಜವೇ. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲೇ ಇದ್ದೆವು. ಮದುವೆ ಒಡವೆ ತರಲು ಅನುಕೂಲಸ್ಥರು ಹೈದರಾಬಾದಿಗೇ ಹೋಗುತ್ತಿದ್ದರು. ಆದರೆ ಹಾಗೆ ಹೇಳುವಾಗ ಹೆಚ್ಚಿನವರು ತೋರಿಸುವ ಸಾಕ್ಷಿ ಒಂದೇ, ಮೀನಾದಲ್ಲಿರುವ ಬಿರುಕು. ಬಿರುಕು ಬಿಟ್ಟಿದೆ, ಅಂದರೆ ಹಳೆಯದು. ಇದನ್ನು ನಾನು ಒಪ್ಪುವುದಿಲ್ಲ.

ಯಾಕೆಂದರೆ ಮೀನಾ ಅಂದರೆ ಗಾಜು. ಚಿನ್ನದ ತಗಡಿನಲ್ಲಿ ಉಳಿಯಿಂದ ಗುಂಡಿ ಕೆತ್ತಿ, ಬಣ್ಣದ ಗಾಜಿನ ಪುಡಿ ತುಂಬಿ, ಭಟ್ಟಿಯಲ್ಲಿ ಕರಗಿಸುತ್ತಾರೆ. ತಣಿಯುವಾಗ ಚಿನ್ನ ಜಾಸ್ತಿ ಕುಗ್ಗುತ್ತದೆ, ಗಾಜು ಕಡಿಮೆ ಕುಗ್ಗುತ್ತದೆ. ಹಾಗಾಗಿ ಗಾಜನ್ನು ಚಿನ್ನ ನಾಲ್ಕೂ ಕಡೆಯಿಂದ ಒತ್ತಿ ಹಿಡಿದಿರುತ್ತದೆ. ಒತ್ತಡದಲ್ಲಿರುವ ಗಾಜು ಗಟ್ಟಿ. ಸುಮ್ನೆ ಪೆಟ್ಟಿಗೆಯಲ್ಲಿ ಇಟ್ಟರೆ ವರ್ಷ ಕಳೆಯಿತು ಅಂತ ಅದು ಒಡೆಯುವುದಿಲ್ಲ. ತಗಡು ಬಾಗಬೇಕು, ಕೆಳಗೆ ಬೀಳಬೇಕು, ಇಲ್ಲವೇ ಯಾರಾದರೂ ಬೆಂಕಿ ತೋರಿಸಬೇಕು. ಗಾಜಿಗೂ ಲೋಹಕ್ಕೂ ಹೊಂದಿಕೆ ಸರಿ ಇಲ್ಲದಿದ್ದರೆ ಭಟ್ಟಿಯಿಂದ ತೆಗೆದ ವಾರದಲ್ಲೇ ಬಿರುಕು ಬರಬಹುದು. ಹಾಗಾಗಿ ಬಿರುಕು ಕಂಡಾಗ ನಾನು ಮೊದಲು ಕೇಳಿಕೊಳ್ಳುವುದು "ಇದು ಯಾಕೆ ಬಂತು?" ಅಂತ. ಯಾವಾಗ ಬಂತು ಅನ್ನುವುದು ಆಮೇಲಿನ ಮಾತು.

ಒಂದು ಪದಕದ ಕಥೆ ಹೇಳಿದರೆ ಇದು ಸುಲಭವಾಗಿ ಗೊತ್ತಾಗುತ್ತದೆ.

ಒಬ್ಬ ಹೆಣ್ಣುಮಗಳು ತಂದಿದ್ದರು. ಮುಂದೆ ಕುಂದನ್‌ನಲ್ಲಿ ಕೂರಿಸಿದ ಬಿಳಿ ಹರಳು. ಹಿಂದೆ ಬಿಳಿ ಮೀನಾದ ಮೇಲೆ ಕೆಂಪು ಹೂ, ಹಸಿರು ಎಲೆ. ಜೈಪುರದ ಕೆಲಸ ಅಂತ ಎಲ್ಲರಿಗೂ ಪರಿಚಯ ಇರುವ ಮಾದರಿ. "ಅಣ್ಣಾರ, ಇದು ನಮ್ಮ ಆಯಿದು ರೀ. ನೋಡ್ರಿ ಮ್ಯಾಲೆ ಎಷ್ಟು ಬಿರುಕು ಬಿಟ್ಟೈತಿ, ನೂರು ವರ್ಷರೆ ಆಗಿರಬೇಕಲ್ರಿ?" ಅಂದರು. ಅವರು ಬೆರಳಿಟ್ಟು ತೋರಿಸಿದ್ದು ಕೊಂಡಿಯ ಕೆಳಗಿನ ಜಾಗ. ಅಲ್ಲಿ ಬಿಳಿ ಮೀನಾ ನಿಜವಾಗಿಯೂ ಬೀಸಣಿಗೆ ಬಿಚ್ಚಿದ ಹಾಗೆ ಸೀಳಿತ್ತು.

"ತೊಳದೀರೇನ್ರಿ ಅಕ್ಕಾರ?" ಅಂತ ಕೇಳಿದೆ. ಇಲ್ಲ ಅಂದರು. ಸಮಾಧಾನ ಆಯಿತು. ನಮ್ಮಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗುವ ಅಭ್ಯಾಸ ಇದೆಯಲ್ವಾ, ಆ ಹುಳಿ ಹಳೆ ಮೀನಾದ ಹೊಳಪು ತಿನ್ನುತ್ತದೆ. ಬಿರುಕಿನ ಒಳಗಿನ ಕೊಳೆಯೂ ತೊಳೆದು ಹೋಗುತ್ತದೆ. ಆ ಕೊಳೆಯೇ ನನಗೆ ಬೇಕಾದದ್ದು.

ಪದಕವನ್ನು ಬೋರಲಾಗಿ ಹತ್ತಿಯ ಮೇಲೆ ಇಟ್ಟು ಕಿಟಕಿಯ ಓರೆ ಬೆಳಕಿಗೆ ತಿರುಗಿಸಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಸಾಕು. ಹಿಂಬದಿ ಮೊದಲು ನೋಡುವುದು ಯಾಕೆಂದರೆ ಮೈಗೆ, ಸೀರೆಗೆ ಉಜ್ಜುವುದು ಅದೇ. ಮುಂದಿನ ಹರಳನ್ನು ಯಾರಾದರೂ ಯಾವಾಗ ಬೇಕಾದರೂ ಬದಲಾಯಿಸಿರಬಹುದು. ಹಿಂದಿನ ಮೀನಾಕ್ಕೆ ಹೆಚ್ಚಿನವರು ಕೈ ಹಾಕುವುದಿಲ್ಲ.

ಈ ಪದಕದ ಬೆನ್ನು ಸ್ವಲ್ಪ ಉಬ್ಬಿತ್ತು. ಉಬ್ಬಿನ ನಡುವೆ ಮೀನಾ ಮಂಕಾಗಿತ್ತು. ಕೂದಲೆಳೆಯಂಥ ಗೀರುಗಳು ದಿಕ್ಕಿಲ್ಲದೆ ಒಂದರ ಮೇಲೊಂದು ಬಿದ್ದಿದ್ದವು. ಅಂಚಿನ ತಗ್ಗಿನಲ್ಲಿ ಮಾತ್ರ ಹೊಳಪು ಹಾಗೇ ಇತ್ತು. ತೊಟ್ಟು ಸವೆದದ್ದು ಹೀಗೇ ಇರುತ್ತದೆ. ಕೃತಕವಾಗಿ ಮಂಕು ಮಾಡಿದ್ದರೆ, ಅಂದರೆ ಆಸಿಡ್‌ನಲ್ಲಿ ಅದ್ದಿದ್ದರೆ, ತಗ್ಗೂ ಉಬ್ಬೂ ಒಂದೇ ಸಮ ಮಂಕಾಗುತ್ತಿತ್ತು. ಸ್ಯಾಂಡ್‌ಪೇಪರ್ ಉಜ್ಜಿದ್ದರೆ ಗೀರುಗಳು ಒಂದೇ ಕಡೆಗೆ ಹೋಗುತ್ತಿದ್ದವು.

ಆಮೇಲೆ ಚಿನ್ನದ ಗೆರೆಗಳನ್ನು ನೋಡಿದೆ. ಹೂವಿಗೂ ಎಲೆಗೂ ನಡುವೆ ಇರುವ ತೆಳು ಗೋಡೆಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹಸಿರು ಎಲೆಯ ಗಾಜು ಪಾರದರ್ಶಕ. ಅದರ ತಳದಲ್ಲಿ ಉಳಿಯಿಂದ ಎಳೆದ ಓರೆಗೆರೆಗಳು ಕಾಣುತ್ತಿದ್ದವು. ಬೆಳಕು ಒಳಗಿಂದ ತಿರುಗಿ ಬರಲಿ ಅಂತ ಕುಶಲಕರ್ಮಿ ಈ ಗೆರೆ ಹಾಕುತ್ತಾನೆ. ಗಾಜು ಹಿಡಿದು ನಿಲ್ಲುವುದಕ್ಕೂ ಅದು ಬೇಕು. ಒಂದು ಎಲೆಯಲ್ಲಿ ಗೆರೆ ಜಾರಿ ಗೋಡೆಯನ್ನೇ ಸ್ವಲ್ಪ ಕಚ್ಚಿತ್ತು. ಅಚ್ಚಿನಲ್ಲಿ ಎರಕ ಹೊಯ್ದ ಈಗಿನ ಮಾಲಿನಲ್ಲಿ ಹೀಗೆ ಇರುವುದಿಲ್ಲ. ಅಲ್ಲಿ ಗೋಡೆಯ ಮೂಲೆಗಳು ಮೊಂಡಾಗಿರುತ್ತವೆ, ತಳದಲ್ಲಿ ಸಣ್ಣ ಸಣ್ಣ ಗುಳಿ ಕಾಣುತ್ತವೆ, ಒಂದೇ ಅಚ್ಚಿನ ಎರಡು ಮಾಲು ಪಕ್ಕಪಕ್ಕ ಇಟ್ಟರೆ ಅದೇ ತಪ್ಪು ಎರಡರಲ್ಲೂ ಇರುತ್ತದೆ. ಕೈಕೆತ್ತನೆ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ. ಕೈಯಿಂದ ಕೆತ್ತುವವರು ಈಗಲೂ ಇದ್ದಾರೆ. ಕೈಕೆತ್ತನೆ, ಅದರ ಮೇಲೆ ಈ ಥರದ ಸವೆತ, ಎರಡೂ ಕೂಡಿದಾಗ ಮಾತ್ರ ನಾನು ಒಂದು ಹೆಜ್ಜೆ ಮುಂದೆ ಹೋಗುತ್ತೇನೆ.

ಈಗ ಬಿರುಕಿಗೆ ಬರೋಣ. ಈ ಪದಕದಲ್ಲಿ ಎರಡು ಥರದ್ದು ಇದ್ದವು. ಕೆಳ ಮೂಲೆಯಲ್ಲಿ ಮೂರು ಮನೆಗಳ, ಅಂದರೆ ಗಾಜು ತುಂಬಿದ ಗುಂಡಿಗಳ, ಬಿರುಕು ಒಂದೇ ಸಾಲಿನಲ್ಲಿದ್ದವು. ಮೀನಾದ ಬಿರುಕು ಸಾಮಾನ್ಯವಾಗಿ ಚಿನ್ನದ ಗೋಡೆಗೆ ಬಂದು ನಿಲ್ಲುತ್ತದೆ. ಗೋಡೆ ದಾಟಿ ಪಕ್ಕದ ಮನೆಯಲ್ಲೂ ಅದೇ ಸಾಲು ಮುಂದುವರಿದಿದ್ದರೆ ತಗಡೇ ಬಾಗಿದೆ ಅಂತ ಅರ್ಥ. ಓರೆ ಬೆಳಕಿನಲ್ಲಿ ಅಲ್ಲಿ ಸಣ್ಣ ನೆಗ್ಗು ಕಂಡಿತು. ಯಾವತ್ತೋ ಕೈಜಾರಿ ಬಿದ್ದಿದೆ. ಬಿರುಕಿನ ಒಳಗೆ ಕಂದು ಕೊಳೆ, ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಪಕ್ಕದಲ್ಲೇ ಒಂದು ಚಕ್ಕೆ ಎದ್ದಿತ್ತು. ಅದರ ಅಂಚು ಉಗುರಿಗೆ ಹತ್ತುತ್ತಿರಲಿಲ್ಲ, ಮೊಂಡಾಗಿತ್ತು. ಬಿದ್ದ ಮೇಲೂ ಇದನ್ನು ಬಹಳ ಕಾಲ ತೊಟ್ಟಿದ್ದಾರೆ.

ಕೊಂಡಿಯ ಕೆಳಗಿನ ಬಿರುಕು ಬೇರೆಯೇ. ಎಲ್ಲ ಗೆರೆಗಳೂ ಬೆಸುಗೆಯ ಒಂದೇ ಬಿಂದುವಿನಿಂದ ಹೊರಟಿದ್ದವು. ಒಳಗೆ ಕೊಳೆ ಇಲ್ಲ. ಅಂಚು ಇನ್ನೂ ಹರಿತ. ಕೊಂಡಿಯ ತಂತಿ ಪೂರ್ತಿ ದುಂಡಗೆ, ಒಂದೇ ದಪ್ಪ, ಬೆಸುಗೆಯ ಬಣ್ಣ ಚಿನ್ನಕ್ಕಿಂತ ಬಿಳಿಚಿತ್ತು. ಹಳೆ ಕೊಂಡಿಯಾಗಿದ್ದರೆ ದಾರ ಎಳೆದೆಳೆದು ಒಳಮಗ್ಗುಲಲ್ಲಿ ಸವೆದು ತಗ್ಗು ಬಿದ್ದಿರಬೇಕಿತ್ತು. ಅದೂ ಇಲ್ಲ. ಯಾರೋ ಇತ್ತೀಚೆಗೆ ಕೊಂಡಿ ಬದಲಿಸಿ ನೇರ ಉರಿ ಬಿಟ್ಟಿದ್ದಾರೆ, ಆ ಕಾವಿಗೆ ಬಿಳಿ ಮೀನಾ ಸೀಳಿದೆ. ಆ ಅಕ್ಕ ಅತಿ ಹಳೆಯದು ಅಂತ ತೋರಿಸಿದ ಜಾಗವೇ ಪದಕದಲ್ಲಿ ಅತಿ ಹೊಸದು!

ಉಳಿದದ್ದು ಬಣ್ಣ. ಕೆಂಪು ದಳಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಮಾಣಿಕ್ಯದಂತೆ ಪಾರದರ್ಶಕ, ತಳದ ಗೆರೆ ಕಾಣುತ್ತದೆ. ಆ ಒಂದು ದಳ ಮಾತ್ರ ಕಿತ್ತಳೆಗೆ ತಿರುಗಿದ ಕೆಂಪು, ಒಳಗೆ ಏನೂ ಕಾಣದು, ಗೋಡೆಗಿಂತ ಒಂದು ಕೂದಲಿನಷ್ಟು ಕೆಳಗೆ ಕೂತಿದೆ. ಅವರ ಒಪ್ಪಿಗೆ ಕೇಳಿ ಅಂಚಿನಲ್ಲಿ ಸೂಜಿ ಮೊನೆ ತಾಗಿಸಿದೆ. ಗುರುತು ಬಿತ್ತು. ಗಾಜಿನ ಮೇಲೆ ಸೂಜಿ ಜಾರುತ್ತದೆ, ಕಚ್ಚುವುದಿಲ್ಲ. ಯುವಿ ಟಾರ್ಚ್ ಹಾಕಿದಾಗ ಆ ದಳ ಮಾತ್ರ ನೀಲಿ ಬಿಳುಪಾಗಿ ಬೆಳಗಿತು. ಟಾರ್ಚ್ ಒಂದನ್ನೇ ನಂಬಬಾರದು, ಕೆಲವು ಗಾಜೂ ಬೆಳಗುತ್ತದೆ. ಸೂಜಿ ಗುರುತು ಮತ್ತು ಬೆಳಕು ಎರಡೂ ಕೂಡಿದ್ದರಿಂದ ಅದು ರೆಸಿನ್, ಭಟ್ಟಿಗೆ ಇಡದೆ ತುಂಬುವ ಬಜಾರಿನ ಕೋಲ್ಡ್ ಮೀನಾ ಅಂತ ಖಾತ್ರಿ ಆಯಿತು.

ಕೆಂಪಿಗೇ ಯಾಕೆ ಹೀಗೆ ತುಂಬಿದರು? ಭಟ್ಟಿಯಲ್ಲಿ ಬಣ್ಣಗಳಿಗೆ ಸರದಿ ಇರುತ್ತದೆ. ಜಾಸ್ತಿ ಕಾವು ತಡೆಯುವ ಬಿಳಿ ಮೊದಲು, ಹಸಿರು ನಡುವೆ, ಕಡಿಮೆ ತಡೆಯುವ ಕೆಂಪು ಕೊನೆಗೆ. ಒಂದು ಕೆಂಪು ದಳ ಉದುರಿದರೆ ಇಡೀ ಪದಕವನ್ನು ಮತ್ತೆ ಭಟ್ಟಿಗೆ ಇಡಬೇಕು. ಹಾಗೆ ಇಟ್ಟರೆ ಉಳಿದ ಕೆಂಪೂ ಕೆಡಬಹುದು, ಹರಳಿನ ಹಿಂದಿನ ಅರಗು ಕರಗುವುದಂತೂ ಖಂಡಿತ. ಅದಕ್ಕೇ ರಿಪೇರಿಯವರು ರೆಸಿನ್ ಹಚ್ಚಿ ಕಳಿಸುತ್ತಾರೆ.

ಬಣ್ಣದಿಂದ ವಯಸ್ಸು ಹೇಳುವಾಗ ಒಂದು ಮಿತಿ ನೆನಪಿರಲಿ. ಯಾವ ಕಾಲಕ್ಕಿಂತ ಹಿಂದಿನದಲ್ಲ ಅನ್ನುವುದನ್ನು ಮಾತ್ರ ಅದು ಹೇಳುತ್ತದೆ. ಭಟ್ಟಿಯಲ್ಲೇ ಕರಗಿಸಿದ, ಆದರೆ ಟೊಮೇಟೊ ಕೆಂಪಿನಂಥ ಚಪ್ಪಟೆ ಅಪಾರದರ್ಶಕ ಬಣ್ಣ ಕಂಡರೆ ನಾನು ಕ್ಯಾಡ್ಮಿಯಂ ಬಣ್ಣ ಅಂತ ಅನುಮಾನಿಸಿ 20ನೇ ಶತಮಾನದ ಹಿಂದೆ ಹೋಗುವುದಿಲ್ಲ. ಬೆಳ್ಳಿಯ ಮೇಲೆ ಪಾರದರ್ಶಕ ಕೆಂಪು ಚೆನ್ನಾಗಿ ಏಳುವುದಿಲ್ಲ, ಹಳದಿಯೋ ಕಂದೋ ಆಗುತ್ತದೆ. ಹಳೆ ಬೆಳ್ಳಿ ಮೀನಾದಲ್ಲಿ ನೀಲಿ, ಹಸಿರೇ ಜಾಸ್ತಿ ಇರುವುದು ಅದಕ್ಕೆ.

ಕೆಲವು ದಿನದ ಹಿಂದೆ ಒಬ್ಬ ವ್ಯಾಪಾರಿ ತೋರಿಸಿದ ಬೆಳ್ಳಿ ಅತ್ತರ್‌ದಾನಿ ನೆನಪಾಗುತ್ತದೆ. ಬೆಳ್ಳಿಯ ಮೇಲೆ ಢಾಳು ಕೆಂಪು, ಮೈತುಂಬ ಬಲೆಯಂಥ ಬಿರುಕು. ಮುಚ್ಚಳದ ಒಳಗಿನ ಅಂಚಿನಲ್ಲೂ ಅಷ್ಟೇ ಬಿರುಕು, ಯಾರ ಬೆರಳೂ ತಾಗದ ಜಾಗದಲ್ಲಿ! ಸ್ಪಿರಿಟ್ ಹತ್ತಿ ಆಡಿಸಿದೆ, ಬಿರುಕಿನ ಕಪ್ಪು ಬೂಟ್ ಪಾಲಿಶ್‌ನ ಹಾಗೆ ಎದ್ದು ಬಂತು. ಕೆಳಗೆ ಬಿರುಕು ಫಳಫಳ ಹೊಳೆಯುತ್ತಿತ್ತು. ಕಾಯಿಸಿ ತಣ್ಣೀರಿಗೆ ಅದ್ದಿದರೆ ಇಂಥ ಬಲೆ ಬರುತ್ತದೆ. ಅದನ್ನೂ ನಿಜಾಮರ ಕಾಲದ್ದು ಅಂತಲೇ ಹೇಳಿದ್ದರು. (ಕೆಲವರಂತೂ ಬಿದರಿ ಹೂಜಿಯ ಕಪ್ಪನ್ನೂ ಮೀನಾ ಅನ್ನುತ್ತಾರೆ. ಬಿದರಿಯಲ್ಲಿ ಗಾಜೇ ಇಲ್ಲ. ಸತುವಿನ ಮಿಶ್ರಲೋಹವನ್ನು ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡಿದ್ದು ಅದು.)

ಪದಕದ ಬಗ್ಗೆ ಆ ಅಕ್ಕನಿಗೆ ಹೇಳಿದ್ದು ಇಷ್ಟು. ಮೈ ಕೈಕೆತ್ತನೆಯದು, ಎರಡು ತಲೆಮಾರಾದರೂ ತೊಟ್ಟಿದ್ದಾರೆ, ಕೊಂಡಿ ಹೊಸದು, ಒಂದು ದಳ ರೆಸಿನ್. 1890ರದ್ದೋ 1930ರದ್ದೋ ಅಂತ ಈ ಲೆನ್ಸ್ ಹೇಳುವುದಿಲ್ಲ, ಅದೇ ಕೆಲಸ ಅದೇ ರೀತಿ ನಡೆದುಕೊಂಡು ಬಂದಿದೆ. ಮದುವೆಯ ಹಳೆ ಫೋಟೊದಲ್ಲಿ ಆಯಿಯ ಕೊರಳಲ್ಲಿ ಅದು ಕಂಡರೆ ನನ್ನ ಮಾತಿಗಿಂತ ಅದೇ ಗಟ್ಟಿ ಸಾಕ್ಷಿ.

ಅದನ್ನು ದುಬೈಯಲ್ಲಿರುವ ಮಗಳಿಗೆ ಕಳಿಸಬೇಕು ಅಂತ ಅವರ ಮನಸ್ಸಿನಲ್ಲಿತ್ತು. ಅಲ್ಲಿ ನಾನು ತಡೆದೆ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನೂರು ದಾಟಿಲ್ಲ ಅಂತ ಬರೆದುಕೊಡಬೇಕಾದವರು ಭಾರತೀಯ ಪುರಾತತ್ವ ಇಲಾಖೆಯವರು, ನಾನಲ್ಲ. ಆ ಪ್ರಮಾಣಪತ್ರ ಸಿಗುವವರೆಗೆ ಪದಕ ಮನೆಯಲ್ಲೇ ಇರಲಿ ಅಂದೆ. ಕೊಂಡಿಯ ಹತ್ತಿರ ಇನ್ನು ಯಾರೂ ಉರಿ ಬಿಡದಿರಲಿ, ಅಲ್ಟ್ರಾಸೋನಿಕ್ ಮಷೀನಿನಲ್ಲಿ ತೊಳೆಸಬೇಡಿ, ಅಲುಗಾಟಕ್ಕೆ ಸೀಳಿದ ಬಿಳಿ ಉದುರುತ್ತದೆ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ರೆಸಿನ್ ದಳ ತೆಗೆಯಲಾ ಅಂತ ಕೇಳಿದರು. ಬೇಡ ಅಂದೆ. ಅದು ಯಾವುದಕ್ಕೂ ತೊಂದರೆ ಕೊಡುತ್ತಿಲ್ಲ, ಕೆದಕಿದರೆ ಪಕ್ಕದ ಹಳೆ ಬಿಳಿ ಎದ್ದು ಬರಬಹುದು.